ಸಹಿ ಹಾಕುವ ಮೊದಲು ಮಾಣಿಗೊಂದು ಕಾಗದ

ಇಡಗುಂಜಿ

ಪ್ರೀತಿಯ ಮಾಣಿಗೆ,

ನೀನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಎರಡು ಆಫರ್‌ಗಳನ್ನೂ ಹೊನ್ನಾವರಕ್ಕೆ ಹೋದಾಗ ಪ್ರಿಂಟ್ ತೆಗೆಸಿ ತಂದು ಸಾವಕಾಶವಾಗಿ ಓದಿದೆ. ಒಂದು ಮುಂಬೈ ಏಜೆಂಟರದು, ತಿಂಗಳಿಗೆ 2,400 ದಿರ್ಹಮ್. ಇನ್ನೊಂದು ಮುರ್ಡೇಶ್ವರದ ನಿನ್ನ ಸ್ನೇಹಿತ ಕೆಲಸ ಮಾಡುವ ಕಂಪನಿಯಿಂದ ನೇರವಾಗಿ ಬಂದದ್ದು, 2,200 ದಿರ್ಹಮ್. ಎರಡೂ ದುಬೈನಲ್ಲಿ, ಎರಡೂ ಎಲೆಕ್ಟ್ರಿಷಿಯನ್ ಕೆಲಸ, ಎರಡರಲ್ಲೂ ಉಳಿಯಲು ಕಂಪನಿಯ ರೂಮು. ಮನೆಯಲ್ಲಿ ಎಲ್ಲರೂ 2,400ರದ್ದೇ ಆಗಲಿ ಅನ್ನುತ್ತಿದ್ದಾರೆಂದು ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. 200 ದಿರ್ಹಮ್ ಯಾರು ಬಿಡುತ್ತಾರೆ ಎಂಬುದು ಅವಳ ಮಾತು. ನಾನು ಹೇಳುವುದು, ಈ ಎರಡರಲ್ಲಿ ದೊಡ್ಡ ಸಂಬಳ 2,200ರದ್ದು. ಹೇಗೆ ಎಂಬುದನ್ನು ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಅದಕ್ಕೇ ಈ ಕಾಗದ.

ನಾನು ಶಾರ್ಜಾದಲ್ಲಿದ್ದಷ್ಟು ಕಾಲವೂ ಲೆಕ್ಕಪತ್ರ ವಿಭಾಗದಲ್ಲಿ ಸಂಬಳದ ಪಟ್ಟಿ ತಯಾರಿಸುವ ಮೇಜಿನಲ್ಲೇ ಕೂತವನು. ಭಟ್ಕಳದವರು ನಮಗಿಂತ ಎಷ್ಟೋ ಮೊದಲೇ ದುಬೈ ಕಂಡವರು. ಅವರ ಹಿಂದೆ ಹೊನ್ನಾವರ, ಕುಮಟಾ ಕಡೆಯವರು ಹೋದರು. ಹೋಗುವ ದಾರಿ ಎಲ್ಲರದ್ದೂ ಒಂದೇ ಆಗಿತ್ತು: ಪರಿಚಯದವರು ಒಬ್ಬರು ಅಲ್ಲಿರುತ್ತಾರೆ, ಅವರು ಕರೆಸಿಕೊಳ್ಳುತ್ತಾರೆ. ಆ ನಂಬಿಕೆಯನ್ನು ನಾನು ಹಗುರ ಮಾಡುವುದಿಲ್ಲ, ಎಷ್ಟೋ ಮನೆಗಳು ಅದರಿಂದಲೇ ಎದ್ದು ನಿಂತಿವೆ. ಆದರೆ ನಂಬಿಕೆಯ ದಾರಿಯಲ್ಲಿ ಹೋದವರು ಕೇಳಿದ ಪ್ರಶ್ನೆ ಒಂದೇ, 'ಸಂಬಳ ಎಷ್ಟು?' ಉತ್ತರವಾಗಿ ಒಂದು ಸಂಖ್ಯೆ ಸಿಕ್ಕಿತೆಂದರೆ ಮಾತು ಮುಗಿಯಿತು. ಕೆಲಸ ಬಿಟ್ಟು ಊರಿಗೆ ಹೊರಟ ದಿನ ನನ್ನ ಮೇಜಿನ ಮುಂದೆ ನಿಂತು 'ಇಷ್ಟೇಯಾ?' ಎಂದವರಲ್ಲಿ ಬಹಳ ಮಂದಿ ಆ ಒಂದು ಸಂಖ್ಯೆಯನ್ನು ನಂಬಿದವರೇ. ಕಂಪನಿ ಅವರಿಗೆ ಮೋಸ ಮಾಡಿರಲಿಲ್ಲ. ಕಾಗದದಲ್ಲಿ ಬರೆದಷ್ಟನ್ನೇ ಕೊಟ್ಟಿತ್ತು. ಅದರಲ್ಲಿ ಏನು ಬರೆದಿದೆ ಎಂದು ಇವರು ನೋಡಿರಲಿಲ್ಲ.

ಮೊದಲು ಯಾವ ಕಾಗದ ನಿಜವಾದ ಕರಾರು ಎಂಬುದನ್ನು ತಿಳಿದುಕೋ. ಏಜೆಂಟರು ಕೊಟ್ಟದ್ದು ಅವರ ಲೆಟರ್‌ಹೆಡ್ಡಿನ ಮೇಲೆ ಟೈಪ್ ಮಾಡಿದ ಒಂದು ಹಾಳೆ. ಅದಕ್ಕೆ ದುಬೈನಲ್ಲಿ ಯಾವ ಬೆಲೆಯೂ ಇಲ್ಲ. ಅಲ್ಲಿನ ಸರ್ಕಾರದ ಕಾರ್ಮಿಕ ಸಚಿವಾಲಯಕ್ಕೆ ಈಗ ಮಾನವ ಸಂಪನ್ಮೂಲ ಮತ್ತು ಎಮಿರೇಟೀಕರಣ ಸಚಿವಾಲಯ ಎಂಬ ಉದ್ದ ಹೆಸರು, ಜನ 'ಮೊಹ್ರೆ' ಅನ್ನುತ್ತಾರೆ. ಆ ಸಚಿವಾಲಯದ್ದೇ ಒಂದು ನಮೂನೆಯ ಆಫರ್ ಲೆಟರ್ ಇದೆ. 2016ರಿಂದ ಇರುವ ಕ್ರಮ ಇದು: ಕಂಪನಿ ಆ ನಮೂನೆಯನ್ನು ತುಂಬಿಸಬೇಕು, ನೀನು ಊರಿನಲ್ಲಿರುವಾಗಲೇ ಓದಿ ಸಹಿ ಹಾಕಬೇಕು, ಅಲ್ಲಿಗೆ ಹೋದ ಮೇಲೆ ಮಾಡುವ ಕರಾರು ಅದಕ್ಕೆ ಹೊಂದಬೇಕು. ನಿನಗೆ ಅನುಕೂಲ ಹೆಚ್ಚಿಸುವುದಕ್ಕಲ್ಲದೆ ಕಡಿಮೆ ಮಾಡುವುದಕ್ಕೆ ಅದನ್ನು ತಿದ್ದುವಂತಿಲ್ಲ. ಹಿಂದೆ ಊರಿನಲ್ಲಿ ಒಂದು ಕಾಗದ ತೋರಿಸಿ, ಅಲ್ಲಿಗೆ ಹೋದ ಮೇಲೆ ಇನ್ನೊಂದಕ್ಕೆ ಸಹಿ ಹಾಕಿಸುವ ಚಾಳಿ ಇತ್ತು. ಅದನ್ನು ತಡೆಯುವುದಕ್ಕೇ ಈ ಕ್ರಮ ಬಂದದ್ದು. ಆದರೆ ಊರಿನಲ್ಲಿರುವಾಗ ಆ ನಮೂನೆಯನ್ನು ಕೇಳಿ ಪಡೆದವನಿಗೆ ಮಾತ್ರ ಇದರಿಂದ ಉಪಯೋಗ. ಏಜೆಂಟರ ಹಾಳೆ ನೋಡಿ ವಿಮಾನ ಹತ್ತಿದವನಿಗೆ, ಅಲ್ಲಿ ಯಾವ ಕಾಗದಕ್ಕೆ ಯಾವಾಗ ಸಹಿ ಹಾಕಿದೆನೆಂಬುದೇ ನೆನಪಿರುವುದಿಲ್ಲ.

ಆ ನಮೂನೆ ಅರಬ್ಬಿ, ಇಂಗ್ಲಿಷ್ ಜೊತೆಗೆ ಕೆಲಸಗಾರನಿಗೆ ತಿಳಿಯುವ ಮೂರನೆಯ ಭಾಷೆಯಲ್ಲೂ ಸಿಗಬೇಕೆಂಬ ನಿಯಮ ಮಾಡಿದರು. ಹಿಂದಿ, ಉರ್ದು, ಮಲಯಾಳಂ, ತಮಿಳು ಆ ಪಟ್ಟಿಯಲ್ಲಿ ಬಂದವು. ಕನ್ನಡ ಬರಲಿಲ್ಲ. ಭಟ್ಕಳದ ನವಾಯತ ಹುಡುಗ ಉರ್ದುವಿನಲ್ಲಿ ಓದಿಕೊಂಡಾನು, ಕಾಸರಗೋಡಿನವನು ಮಲಯಾಳಂನಲ್ಲಿ. ಇಡಗುಂಜಿಯ ಕನ್ನಡ ಶಾಲೆಯಲ್ಲಿ ಕಲಿತ ನಿನಗೆ ಇಂಗ್ಲಿಷೇ ಗತಿ. ಎರಡು ಭಾಷೆಗಳ ನಡುವೆ ಹೆಚ್ಚುಕಡಿಮೆ ಬಂದರೆ ಅರಬ್ಬಿಯಲ್ಲಿ ಬರೆದದ್ದೇ ನಿಲ್ಲುತ್ತದೆ ಎಂಬುದೂ ಗೊತ್ತಿರಲಿ. ಸಂಖ್ಯೆಗಳು ಮಾತ್ರ ಎಲ್ಲ ಭಾಷೆಯಲ್ಲೂ ಒಂದೇ. ಆದ್ದರಿಂದ ಮೊದಲು ಸಂಖ್ಯೆಗಳನ್ನು ನೋಡೋಣ.

ನಾನು ಹೇಳಿದಂತೆ ನೀನು ಏಜೆಂಟರಿಂದ ಸಚಿವಾಲಯದ ನಮೂನೆಯನ್ನು ತರಿಸಿದ್ದು ಒಳ್ಳೆಯದಾಯಿತು. ಅದರಲ್ಲಿ ಬರೆದದ್ದು ಇಷ್ಟು: ಬೇಸಿಕ್, ಅಂದರೆ ಮೂಲ ವೇತನ, 1,000. ಊಟದ ಭತ್ಯೆ 400. ಓಡಾಟಕ್ಕೆ 300. ಒಟ್ಟು 1,700. ಹಾಗಾದರೆ ಏಜೆಂಟರ ಹಾಳೆಯ 2,400 ಎಲ್ಲಿಂದ ಬಂತು? ಆ ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ 'ಓವರ್‌ಟೈಮ್ ಸೇರಿ' ಎಂದಿದೆ, ನೋಡು. 700 ದಿರ್ಹಮ್ ಓವರ್‌ಟೈಮಿನ ಲೆಕ್ಕದಲ್ಲಿ ಬರುತ್ತದೆ ಎಂದು ಅವರ ಮಾತು. ಸ್ನೇಹಿತನ ಕಂಪನಿಯ ನಮೂನೆಯಲ್ಲಿ ಬೇಸಿಕ್ 1,600, ಊಟಕ್ಕೆ 350, ಓಡಾಟಕ್ಕೆ 250, ಒಟ್ಟು 2,200. ಇಲ್ಲಿ ಓವರ್‌ಟೈಮಿನ ಮಾತೇ ಇಲ್ಲ. ಮಾಡಿದರೆ ಅದು ಮೇಲಿನದು.

ಈಗ ಆ 700ನ್ನು ಬಿಡಿಸಿ ನೋಡು. ಯುಎಇಯ ಕಾನೂನಿನಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಸಾಮಾನ್ಯ ದುಡಿಮೆ. ಅದಕ್ಕೆ ಮೇಲ್ಪಟ್ಟ ಪ್ರತಿ ಗಂಟೆಗೂ ಬೇಸಿಕ್‌ನ ದರದ ಮೇಲೆ ನೂರಕ್ಕೆ 25 ಸೇರಿಸಿ ಕೊಡಬೇಕು. ರಾತ್ರಿ 10ರಿಂದ ಬೆಳಗಿನ 4ರ ನಡುವೆಯಾದರೆ ನೂರಕ್ಕೆ 50, ಆದರೆ ಪಾಳಿಯ ಮೇಲೆ ದುಡಿಯುವವರಿಗೆ ಆ ರಾತ್ರಿಯ ದರ ಇಲ್ಲ. ನೆನಪಿಡು, ಈ ದರ ಬೇಸಿಕ್‌ನ ಮೇಲೆಯೇ ಹೊರತು ಒಟ್ಟು ಸಂಬಳದ ಮೇಲೆ ಅಲ್ಲ. ಗಂಟೆಯ ದರ ತೆಗೆಯಲು ಸಾಮಾನ್ಯವಾಗಿ ಬೇಸಿಕ್ ಅನ್ನು 30 ದಿನಕ್ಕೆ, ಆಮೇಲೆ 8 ಗಂಟೆಗೆ ಭಾಗಿಸುತ್ತಾರೆ. 1,000 ದಿರ್ಹಮ್‌ಗೆ ಗಂಟೆಗೆ 4 ದಿರ್ಹಮ್ 17 ಫಿಲ್ಸ್ ಬರುತ್ತದೆ. ನೂರಕ್ಕೆ 25 ಸೇರಿಸಿದರೆ 5 ದಿರ್ಹಮ್ 21 ಫಿಲ್ಸ್. ಈ ದರದಲ್ಲಿ 700 ದಿರ್ಹಮ್ ದುಡಿಯಬೇಕಾದರೆ ತಿಂಗಳಿಗೆ ಸುಮಾರು 134 ಗಂಟೆ ಓವರ್‌ಟೈಮ್ ಮಾಡಬೇಕು. ವಾರದ ರಜೆ ಕಳೆದು ತಿಂಗಳಿಗೆ 26 ದಿನ ಅಂತ ಇಟ್ಟುಕೋ, ದಿನಕ್ಕೆ 5 ಗಂಟೆಗೂ ಹೆಚ್ಚು. ಎಂಟರ ಮೇಲೆ ಐದು, ಹದಿಮೂರು ಗಂಟೆಯ ದುಡಿಮೆ, ಅದೂ ಏಣಿಯ ಮೇಲೆ ನಿಂತು ಕರೆಂಟಿನ ಕೆಲಸ.

ಕಾನೂನು ಏನನ್ನುತ್ತದೆ? ಓವರ್‌ಟೈಮ್ ದಿನಕ್ಕೆ 2 ಗಂಟೆಗಿಂತ ಹೆಚ್ಚು ಮಾಡಿಸುವಂತಿಲ್ಲ. ದಿನಾ 2 ಗಂಟೆ ಮಾಡಿದೆ ಎಂದೇ ಇಟ್ಟುಕೊಂಡರೂ ತಿಂಗಳಿಗೆ 52 ಗಂಟೆ, 271 ದಿರ್ಹಮ್. ಅಂದರೆ 1,700ಕ್ಕೆ 271 ಸೇರಿ 1,971. 2,400 ಅಲ್ಲ. ಇನ್ನೂ ಒಂದು ಮಿತಿ ಇದೆ, ಅದನ್ನು ಬಹಳ ಮಂದಿ ಓದುವುದೇ ಇಲ್ಲ. ಮೂರು ವಾರಗಳಲ್ಲಿ ಒಟ್ಟು ದುಡಿಮೆ, ಓವರ್‌ಟೈಮ್ ಸೇರಿ, 144 ಗಂಟೆ ಮೀರಬಾರದು. ವಾರಕ್ಕೆ 48 ಗಂಟೆಯಂತೆ ಮೂರು ವಾರ ದುಡಿದವನಿಗೆ ಅಲ್ಲಿಗೇ 144 ಮುಗಿಯಿತು. ಓವರ್‌ಟೈಮ್ ಎಂಬುದು ಯಾವತ್ತೋ ಒಂದು ದಿನ ಕೆಲಸ ಹೆಚ್ಚಾದಾಗ ಮಾಡಿಸುವಂಥದ್ದು. ತಿಂಗಳು ತಿಂಗಳೂ ಸಂಬಳದಂತೆ ಗ್ಯಾರಂಟಿ ಕೊಡುವ ವಸ್ತು ಅದಲ್ಲ. 'ಓವರ್‌ಟೈಮ್ ಸೇರಿ ಇಷ್ಟು' ಎಂದು ಯಾರಾದರೂ ಹೇಳಿದರೆ ಒಂದೋ ಕಾನೂನು ಮೀರಿ ದುಡಿಸುತ್ತಾರೆ, ಇಲ್ಲವೇ ಆ ದುಡ್ಡು ಬರುವುದೇ ಇಲ್ಲ. ಎರಡರಲ್ಲಿ ಯಾವುದು ಎಂದು ಅಲ್ಲಿಗೆ ಹೋಗಿ ತಿಳಿಯುವ ಅಗತ್ಯ ನಿನಗಿಲ್ಲ. ಊರಿನಲ್ಲೇ ಕೂತು ಒಂದು ಭಾಗಾಕಾರ ಮಾಡಿದರೆ ಸಾಕು.

ಇದೇ ಕಾರಣಕ್ಕೆ ನಾನು ಮೊದಲು 'ಬೇಸಿಕ್ ಎಷ್ಟು?' ಎಂದು ಕೇಳು ಅನ್ನುವುದು. ಸ್ನೇಹಿತನ ಕಂಪನಿಯಲ್ಲಿ ಬೇಸಿಕ್ 1,600 ಇರುವುದರಿಂದ ಅಲ್ಲಿ ಓವರ್‌ಟೈಮಿನ ಒಂದು ಗಂಟೆಗೆ 8 ದಿರ್ಹಮ್ 33 ಫಿಲ್ಸ್. ಅದೇ ಬೆವರಿಗೆ ಏಜೆಂಟರ ಕಂಪನಿಯಲ್ಲಿ 5 ದಿರ್ಹಮ್ 21 ಫಿಲ್ಸ್. ಕೆಲಸ ಬಿಟ್ಟು ಬರುವಾಗ ಸಿಗುವ ಗ್ರಾಚ್ಯುಟಿಯೂ ಕಡೆಯ ಬೇಸಿಕ್‌ನ ಮೇಲೆಯೇ. ಒಂದು ವರ್ಷ ಪೂರ್ತಿ ದುಡಿದವನಿಗೆ ಮೊದಲ ಐದು ವರ್ಷಗಳಲ್ಲಿ ವರ್ಷಕ್ಕೆ 21 ದಿನದ ಮೂಲ ವೇತನ, ಐದು ವರ್ಷ ದಾಟಿದ ಮೇಲಿನ ಪ್ರತಿ ವರ್ಷಕ್ಕೆ 30 ದಿನದ್ದು. 1,000 ಬೇಸಿಕ್‌ಗೆ ವರ್ಷಕ್ಕೆ 700 ದಿರ್ಹಮ್, 1,600ಕ್ಕೆ 1,120. ಐದು ವರ್ಷ ಇದ್ದು ಬಂದರೆ 3,500ಕ್ಕೂ 5,600ಕ್ಕೂ ಇರುವಷ್ಟು ಅಂತರ. ತೆಗೆದುಕೊಳ್ಳದೆ ಉಳಿದ ರಜೆಗೆ ಕೊನೆಯಲ್ಲಿ ಕೊಡುವ ಹಣವೂ ಬೇಸಿಕ್ ಲೆಕ್ಕದಲ್ಲಿ. 2023ರ ಜನವರಿಯಿಂದ ಕೆಲಸ ಕಳೆದುಕೊಂಡವರಿಗೊಂದು ವಿಮೆ ಕಡ್ಡಾಯವಾಗಿದೆ. ನಿನ್ನಂಥವರು ತಿಂಗಳಿಗೆ 5 ದಿರ್ಹಮ್ ಮತ್ತು ಅದರ ಮೇಲಿನ ತೆರಿಗೆ ಕಟ್ಟಬೇಕು, ಇದನ್ನು ಕೆಲಸಗಾರನೇ ಕಟ್ಟುವುದು ಅಲ್ಲಿನ ನಿಯಮ, ಗಾಬರಿಯಾಗಬೇಡ. ಹನ್ನೆರಡು ತಿಂಗಳು ಬಿಡದೆ ಕಟ್ಟಿದವನನ್ನು ಅವನ ತಪ್ಪಿಲ್ಲದೆ ಕಂಪನಿ ತೆಗೆದರೆ, ಮೂರು ತಿಂಗಳವರೆಗೆ ಬೇಸಿಕ್‌ನ ನೂರಕ್ಕೆ 60 ಭಾಗ ಸಿಗುತ್ತದೆ. ಅಲ್ಲೂ ಬೇಸಿಕ್ಕೇ.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಬೇಸಿಕ್ ಹೆಚ್ಚಿದ್ದರೆ ಸಾಕು, ಒಟ್ಟು ಎಷ್ಟಿದ್ದರೂ ನಡೆಯುತ್ತದೆ ಎಂದು ನಾನು ಹೇಳುತ್ತಿಲ್ಲ. 600 ದಿರ್ಹಮ್ ಹೆಚ್ಚಿನ ಬೇಸಿಕ್‌ನಿಂದ ಗ್ರಾಚ್ಯುಟಿಯಲ್ಲಿ ಸಿಗುವುದು ವರ್ಷಕ್ಕೆ 420, ಅಂದರೆ ತಿಂಗಳಿಗೆ 35 ದಿರ್ಹಮ್. ಏಜೆಂಟರ ಕಂಪನಿ ಸಚಿವಾಲಯದ ನಮೂನೆಯಲ್ಲೇ, ಓವರ್‌ಟೈಮ್ ಬಿಟ್ಟು, 2,400 ಎಂದು ಬರೆದುಕೊಟ್ಟಿದ್ದರೆ ನಾನೂ ಅದನ್ನೇ ಆರಿಸು ಅನ್ನುತ್ತಿದ್ದೆ. ತಿಂಗಳು ತಿಂಗಳು ಕೈಗೆ ಬರುವ 200 ದೊಡ್ಡದು. ಆದರೆ ಅವರು ಬರೆದುಕೊಟ್ಟದ್ದು 1,700.

'ಇಷ್ಟೆಲ್ಲ ಕೇಳುತ್ತಾ ಕೂತರೆ ಕೆಲಸ ಕೈತಪ್ಪಿ ಹೋಗುತ್ತದೆ' ಎಂದು ನಿನ್ನ ಅಪ್ಪ ಹೇಳುತ್ತಾರೆಂದು ಗೊತ್ತು. ಭಾವನವರ ಮಾತಿನಲ್ಲಿ ಸತ್ಯವಿಲ್ಲವೆಂದಲ್ಲ, ನೀನು ಬಿಟ್ಟ ಜಾಗಕ್ಕೆ ಬರುವವರು ಹತ್ತು ಮಂದಿ ಇದ್ದಾರೆ. ಆದರೆ ಸಚಿವಾಲಯದ ನಮೂನೆ ಕೊಡಿ ಎಂದು ಕೇಳಿದ್ದಕ್ಕೆ ಕೆಲಸ ಇಲ್ಲ ಅನ್ನುವ ಕಂಪನಿ, ನಾಳೆ ಸಂಬಳ ಕೇಳಿದರೆ ಏನು ಹೇಳೀತು? ಕರೆಸಿಕೊಂಡ ಪರಿಚಯದವರು ಒಳ್ಳೆಯವರೇ ಇರಬಹುದು. ಆದರೆ ಸಂಬಳ ಕೊಡುವವರು ಅವರಲ್ಲ. ಮ್ಯಾನೇಜರ್ ಬದಲಾಗುತ್ತಾನೆ, ಪರಿಚಯದವನೇ ಬೇರೆ ಕಂಪನಿಗೆ ಹೋಗುತ್ತಾನೆ. ಬಾಯಿಮಾತಿನಲ್ಲಿ ಕೊಟ್ಟ ಭರವಸೆ ಅವನ ಜೊತೆಗೇ ಹೋಗುತ್ತದೆ, ಕಾಗದ ಮಾತ್ರ ಉಳಿಯುತ್ತದೆ.

ಇನ್ನು ಕೆಲಸ ಬಿಡುವ ವಿಚಾರ. ಹೊರಡುವ ಮೊದಲೇ ಬಿಡುವ ಮಾತು ಯಾಕೆ ಎಂದು ಅಮ್ಮ ಬೇಸರ ಮಾಡಿಕೊಂಡಾಳು. ಆದರೆ ಕರಾರಿನಲ್ಲಿ ಹುಡುಗರು ಸಿಕ್ಕಿಬೀಳುವುದು ಇಲ್ಲೇ. ಏಜೆಂಟರ ಹಾಳೆಯಲ್ಲಿ ಒಂದು ಸಾಲಿದೆ: ಎರಡು ವರ್ಷದೊಳಗೆ ಬಿಟ್ಟರೆ ವೀಸಾ ಮತ್ತು ಟಿಕೆಟಿನ ಖರ್ಚು 5,000 ದಿರ್ಹಮ್ ಕಟ್ಟಬೇಕು. ಇದು ನಿಲ್ಲುವುದಿಲ್ಲ. ಅಲ್ಲಿನ ಖಾಸಗಿ ಕಂಪನಿಗಳಿಗೆ ಅನ್ವಯಿಸುವ ಹೊಸ ಕಾರ್ಮಿಕ ಕಾನೂನು 2021ರ 33ನೆಯ ಡಿಕ್ರಿ, 2022ರ ಫೆಬ್ರುವರಿ 2ರಿಂದ ಜಾರಿಯಲ್ಲಿದೆ. ನೇಮಕದ ಖರ್ಚನ್ನು ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಕೆಲಸಗಾರನಿಂದ ವಸೂಲಿ ಮಾಡುವಂತಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿದೆ. ಈ ಕಾನೂನು ಬಂದದ್ದು ನಮ್ಮ ಕಡೆ ಇನ್ನೂ ಎಲ್ಲರಿಗೂ ತಲುಪಿಲ್ಲ. ಊರಿನಲ್ಲಿ ಹಳಬರು ನಿನಗೆ ಹೇಳುವುದೆಲ್ಲ 1980ರ ಕಾನೂನಿನ ಅನುಭವ. ನೀನೇ ರಾಜೀನಾಮೆ ಕೊಟ್ಟರೆ ಗ್ರಾಚ್ಯುಟಿಯಲ್ಲಿ ಮೂರನೆಯ ಒಂದು ಭಾಗವಷ್ಟೇ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ಅವರು ಸುಳ್ಳು ಹೇಳುತ್ತಿಲ್ಲ, ಅವರ ಕಾಲದಲ್ಲಿ ಮೂರು ವರ್ಷದೊಳಗೆ ಬಿಟ್ಟವರಿಗೆ ಹಾಗೆ ಇತ್ತು. ಈಗ ನೀನಾಗಿ ಬಿಟ್ಟರೂ ಆ ಕಡಿತ ಇಲ್ಲ.

ಆದರೆ ಬಿಡುವುದಕ್ಕೂ ಕ್ರಮ ಇದೆ, ಆ ಕ್ರಮ ತಪ್ಪಿದವನಿಗೆ ಕಾನೂನು ಕರುಣೆ ತೋರಿಸುವುದಿಲ್ಲ. ಮೊದಲ ಆರು ತಿಂಗಳವರೆಗೆ ಪ್ರೊಬೇಷನ್ ಇಡಬಹುದು, ಅದಕ್ಕಿಂತ ಹೆಚ್ಚು ಇಡುವಂತಿಲ್ಲ. ಆ ಅವಧಿಯಲ್ಲಿ ಕಂಪನಿ ನಿನ್ನನ್ನು ಬೇಡ ಅನ್ನುವುದಾದರೆ 14 ದಿನ ಮೊದಲು ಬರವಣಿಗೆಯಲ್ಲಿ ತಿಳಿಸಬೇಕು. ನೀನು ಬಿಟ್ಟು ಊರಿಗೇ ಬರುವುದಾದರೆ ನೀನೂ 14 ದಿನ ಮೊದಲು ತಿಳಿಸಬೇಕು. ಅಲ್ಲೇ ಇನ್ನೊಂದು ಕಂಪನಿಗೆ ಹೋಗುವುದಾದರೆ ಒಂದು ತಿಂಗಳು ಮೊದಲು. ಆಗ ಹಳೆಯ ಕಂಪನಿಯ ನೇಮಕದ ಖರ್ಚನ್ನು ಹೊಸ ಕಂಪನಿ ಕೊಡಬೇಕೇ ಹೊರತು ನೀನಲ್ಲ. ಊರಿಗೆ ಬಂದವನು ಮೂರು ತಿಂಗಳೊಳಗೆ ಬೇರೆ ಕಂಪನಿಯ ಪರ್ಮಿಟ್ ಮೇಲೆ ತಿರುಗಿ ಹೋದರೂ ಅದೇ ನಿಯಮ. ಪ್ರೊಬೇಷನ್ ಮುಗಿದ ಮೇಲೆ ನೋಟಿಸಿನ ಅವಧಿ 30ರಿಂದ 90 ದಿನದೊಳಗೆ, ಎಷ್ಟೆಂದು ಕರಾರಿನಲ್ಲಿ ಬರೆದಿರುತ್ತದೆ. ನಿನ್ನ ಎರಡನೆಯ ಆಫರ್‌ನಲ್ಲಿ 30 ಇದೆ, ಏಜೆಂಟರದರಲ್ಲಿ 90. ನೋಟಿಸ್ ಕೊಡದೆ ಹೋದರೆ ಆ ದಿನಗಳ ಸಂಬಳವನ್ನು ನೀನೇ ಕಂಪನಿಗೆ ತುಂಬಿಕೊಡಬೇಕು. ಹಾಗಾಗಿ 90 ಎಂಬುದು ಬರೀ ಸಂಖ್ಯೆಯಲ್ಲ, ಮೂರು ತಿಂಗಳ ಸಂಬಳದ ಭಾರ. ಪ್ರೊಬೇಷನ್‌ನಲ್ಲಿ ಹೇಳದೆ ಕೇಳದೆ ದೇಶ ಬಿಟ್ಟು ಬಂದವನಿಗೆ ಒಂದು ವರ್ಷ ಹೊಸ ವರ್ಕ್ ಪರ್ಮಿಟ್ ಸಿಗುವುದಿಲ್ಲ.

ರಜೆಯ ವಿಷಯದಲ್ಲೂ ಇಂಥದೇ ಒಂದು ಗುಂಡಿ ಇದೆ. ವರ್ಷ ತುಂಬಿದ ಮೇಲೆ ವರ್ಷಕ್ಕೆ 30 ದಿನದ ಸಂಬಳಸಹಿತ ರಜೆ ನಿನ್ನ ಹಕ್ಕು. ಆರು ತಿಂಗಳು ದಾಟಿ ವರ್ಷ ತುಂಬದಿದ್ದರೆ ತಿಂಗಳಿಗೆ ಎರಡು ದಿನ. ಚೌತಿಗೆ ಬಂದವನು, ಬಂದದ್ದೇ ಬಂದೆ, ಅಕ್ಕನ ಮನೆಯ ಉಪನಯನ ಮುಗಿಸಿಕೊಂಡೇ ಹೋಗುತ್ತೇನೆ ಎಂದು ಕೂರಬೇಡ. ಸರಿಯಾದ ಕಾರಣವಿಲ್ಲದೆ ಸತತ ಏಳು ದಿನಕ್ಕಿಂತ ಹೆಚ್ಚು ಗೈರಾದರೆ ನೋಟಿಸಿಲ್ಲದೆ ತೆಗೆದುಹಾಕಲು ಕಂಪನಿಗೆ ಅಧಿಕಾರವಿದೆ. ರಜೆ ಮುಂದುವರಿಸಲೇಬೇಕಾದರೆ ಮೆಸೇಜಾದರೂ ಕಳಿಸಿ ಒಪ್ಪಿಗೆಯನ್ನು ಬರವಣಿಗೆಯಲ್ಲಿ ತೆಗೆದುಕೋ. ಹುಷಾರು ತಪ್ಪಿದರೆ ಪ್ರೊಬೇಷನ್ ಆದ ಮೇಲೆ ವರ್ಷಕ್ಕೆ 90 ದಿನದವರೆಗೆ ರಜೆ ಸಿಗುತ್ತದೆ. ಆದರೆ ಪೂರ್ತಿ ಸಂಬಳ ಮೊದಲ 15 ದಿನಕ್ಕೆ ಮಾತ್ರ, ಮುಂದಿನ 30 ದಿನಕ್ಕೆ ಅರ್ಧ, ಉಳಿದದ್ದಕ್ಕೆ ಏನೂ ಇಲ್ಲ. ಆರೋಗ್ಯ ವಿಮೆ ಕಂಪನಿಯ ಖರ್ಚು.

ಪಾಸ್‌ಪೋರ್ಟ್ ನಿನ್ನ ಕೈಯಲ್ಲೇ ಇರಲಿ. ವೀಸಾ ಕೆಲಸಕ್ಕೋ ಪರಿಶೀಲನೆಗೋ ಕೊಟ್ಟರೆ ತಿರುಗಿ ಕೇಳು. ಇಟ್ಟುಕೊಳ್ಳುವ ಹಕ್ಕು ಕಂಪನಿಗೆ ಇಲ್ಲವೆಂದು ಅದೇ ಕಾನೂನು ಹೇಳುತ್ತದೆ.

ಈಗ ನಮ್ಮ ದೇಶದ ಕಡೆಯ ಮಾತು. ನೀನು ಎಸ್ಸೆಸ್ಸೆಲ್ಸಿ ಪಾಸಾದವನು, ಆದ್ದರಿಂದ ನಿನ್ನ ಪಾಸ್‌ಪೋರ್ಟಿಗೆ ವಲಸೆ ಅನುಮತಿ ಬೇಕಿಲ್ಲ. ಹತ್ತನೆಯದು ಪಾಸಾಗದವರು ಯುಎಇಯಂಥ ದೇಶಕ್ಕೆ ಕೆಲಸಕ್ಕೆ ಹೋಗುವಾಗ ವಿದೇಶಾಂಗ ಸಚಿವಾಲಯದ ಅಧಿಕಾರಿ ಅವರ ಕರಾರನ್ನು ನೋಡಿ ಅನುಮತಿ ಕೊಡಬೇಕು, 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಯೋಜನೆಯೂ ಅವರಿಗೆ ಕಡ್ಡಾಯ. ಅನುಮತಿ ಬೇಡ ಎಂಬುದನ್ನು ಊರಿನಲ್ಲಿ ದೊಡ್ಡ ಅನುಕೂಲವೆಂದು ಹೇಳಿಕೊಳ್ಳುತ್ತಾರೆ. ಅನುಕೂಲ ಹೌದು. ಆದರೆ ಅದರ ಇನ್ನೊಂದು ಅರ್ಥ, ನಿನ್ನ ಕರಾರನ್ನು ನಿನ್ನ ಪರವಾಗಿ ಸರ್ಕಾರದವರು ಯಾರೂ ಓದುವುದಿಲ್ಲ. ಓದಿದವನಿಗೇ ಓದುವ ಹೊಣೆ ಬಿಟ್ಟಿದ್ದಾರೆ. ಆ ಹೊಣೆ ನಿನ್ನ ಮೇಲಿದೆ.

ಏಜೆಂಟರ ಬಗ್ಗೆ ಎರಡೇ ಪ್ರಶ್ನೆ. ಒಂದು, ಅವರಿಗೆ ಲೈಸೆನ್ಸ್ ಇದೆಯೇ? 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಣಿಯಿಲ್ಲದೆ ವಿದೇಶದ ಕೆಲಸಕ್ಕೆ ಜನರನ್ನು ಕಳಿಸುವಂತಿಲ್ಲ. emigrate.gov.in ತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ, ಹೆಸರು ಹಾಕಿ ನೋಡಬಹುದು. ಬಸ್‌ಸ್ಟ್ಯಾಂಡಿನ ಹತ್ತಿರ ಟ್ರಾವೆಲ್ಸ್ ಅಂಗಡಿ ಇದೆ ಎಂದ ಮಾತ್ರಕ್ಕೆ ಲೈಸೆನ್ಸ್ ಇದೆ ಎಂದಾಗುವುದಿಲ್ಲ. ಎರಡು, ಎಷ್ಟು ಕೇಳುತ್ತಿದ್ದಾರೆ? ಕಾನೂನಿನ ಪ್ರಕಾರ ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ ಸೇರಿ 35,400. ಅದಕ್ಕೆ ರಸೀದಿ ಕೊಡಲೇಬೇಕು. ನಿನ್ನ ಹತ್ತಿರ ಅವರು 90,000 ಕೇಳಿದ್ದಾರೆ, ಅರ್ಧ ನಗದಾಗಿ. ಆ ಹಣಕ್ಕೆ ಅಪ್ಪ ಸೊಸೈಟಿಯಲ್ಲಿ ತೋಟದ ಮೇಲೆ ಸಾಲ ಎತ್ತುವ ಯೋಚನೆಯಲ್ಲಿದ್ದಾರೆ. ಬೇಡ ಎಂದು ನಾನು ಅವರಿಗೂ ಹೇಳಿದ್ದೇನೆ. ಸಾಲ ಹೊತ್ತು ಹೋದವನಿಗೆ ಕರಾರು ಓದಲು ಬಂದರೂ ಪ್ರಯೋಜನವಿಲ್ಲ. ತೋಟದ ಸಾಲದ ಕಂತು ತಲೆಯ ಮೇಲಿರುವಾಗ ಹದಿಮೂರು ಗಂಟೆಯ ದುಡಿಮೆಗೆ 'ಇಲ್ಲ' ಅನ್ನುವ ಧೈರ್ಯ ಯಾರಿಗೂ ಬರುವುದಿಲ್ಲ.

ಏಜೆಂಟರು 'ಈಗ ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಿಸಿಕೊಡುತ್ತೇವೆ' ಎಂದದ್ದು ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ತಂದ ಮಾತು. ವಿಸಿಟ್ ವೀಸಾದಲ್ಲಿ ಇರುವಷ್ಟು ದಿನ ನೀನು ಅಲ್ಲಿ ಕೆಲಸಗಾರನೇ ಅಲ್ಲ. ಈ ಕಾಗದದಲ್ಲಿ ನಾನು ಬರೆದ ಓವರ್‌ಟೈಮ್, ರಜೆ, ವಿಮೆ ಯಾವುದನ್ನೂ ಕರಾರು ತೋರಿಸಿ ಕೇಳಲು ಆಗುವುದಿಲ್ಲ. ಪರ್ಮಿಟ್ ಇಲ್ಲದೆ ಕೆಲಸ ಮಾಡಿಸುವ ಕಂಪನಿಗಳಿಗೆ 2024ರಲ್ಲಿ ದಂಡವನ್ನು ಏರಿಸಿ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಮ್‌ವರೆಗೆ ಎಂದು ಮಾಡಿದ್ದಾರೆ. ಅಷ್ಟು ದಂಡದ ಭಯವಿರುವ ಕಂಪನಿ, ತಪಾಸಣೆ ಬಂದ ದಿನ ನಿನ್ನನ್ನು ನಮ್ಮವನೆಂದು ಒಪ್ಪಿಕೊಂಡೀತೇ? ಉದ್ಯೋಗದ ಎಂಟ್ರಿ ಪರ್ಮಿಟ್ ಕೈಗೆ ಬರದೆ ಮಂಗಳೂರಿನ ವಿಮಾನ ನಿಲ್ದಾಣದ ಕಡೆ ಹೊರಡಬೇಡ.

ಕಾನೂನು ಇಷ್ಟೆಲ್ಲ ಇದ್ದರೂ ಎಲ್ಲ ಕಡೆ ಹಾಗೇ ನಡೆಯುತ್ತದೆ ಎಂದು ನಾನು ಹೇಳಲಾರೆ. ಸಂಬಳ ತಡವಾಗುವುದಿದೆ, ಓವರ್‌ಟೈಮಿನ ಗಂಟೆ ಬರೆಯದಿರುವುದಿದೆ. ದೂರು ಕೊಟ್ಟರೆ ಸಮಯ ಹಿಡಿಯುತ್ತದೆ. ಆಗ ಕೆಲಸಕ್ಕೆ ಬರುವುದು ಪುರಾವೆ. ಸಂಬಳ ಬ್ಯಾಂಕಿನ ಮೂಲಕವೇ ಬರಲಿ. 2009ರಿಂದ ಅಲ್ಲಿ ಸಂಬಳ ಪಾವತಿಯನ್ನು ಸರ್ಕಾರವೇ ಗಮನಿಸುವ ವ್ಯವಸ್ಥೆ ಇದೆ, ಕೈಯಲ್ಲಿ ನಗದು ತೆಗೆದುಕೊಂಡರೆ ಅದರಲ್ಲಿ ದಾಖಲಾಗುವುದಿಲ್ಲ. ದಿನಾ ಕೆಲಸಕ್ಕೆ ಹೋದ ಗಂಟೆ, ಬಿಟ್ಟ ಗಂಟೆಯನ್ನು ಒಂದು ಸಣ್ಣ ಪುಸ್ತಕದಲ್ಲಿ ಬರೆದಿಡು. ಸಹಿ ಹಾಕಿದ ಪ್ರತಿ ಪುಟದ ಫೋಟೋ ನಿನ್ನ ಫೋನಿನಲ್ಲೂ ಇರಲಿ, ತಂಗಿಯ ಫೋನಿನಲ್ಲೂ ಇರಲಿ. ಕೆಲಸ ಬಿಟ್ಟ ಮೇಲೂ ಎರಡು ವರ್ಷದವರೆಗೆ ಬಾಕಿ ಕೇಳಬಹುದು. ಸಚಿವಾಲಯದ ಕಾರ್ಮಿಕ ದೂರಿನ ಫೋನ್ 80084. ದುಬೈನಲ್ಲಿ ಭಾರತ ಸರ್ಕಾರದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರವಿದೆ, ಅದರ ಉಚಿತ ಫೋನ್ 80046342. ಈ ಎರಡನ್ನೂ ಇಂದೇ ಫೋನಿನಲ್ಲಿ ಹಾಕಿಕೋ.

ಸ್ನೇಹಿತನ ಕಂಪನಿಗೆ ಈ ವಾರದೊಳಗೆ ಒಪ್ಪಿಗೆ ತಿಳಿಸು. ತಿಳಿಸುವ ಮೊದಲು ಎರಡು ವಿಷಯ ಬರವಣಿಗೆಯಲ್ಲಿ ಕೇಳಿಕೋ: ಪ್ರೊಬೇಷನ್ ಎಷ್ಟು ತಿಂಗಳು, ಹೋಗುವ ಟಿಕೆಟ್ ಯಾರದು. ಎರಡೂ ಆ ನಮೂನೆಯಲ್ಲಿ ನನಗೆ ಸರಿಯಾಗಿ ಕಾಣಲಿಲ್ಲ. ಉತ್ತರ ಬಂದ ಕೂಡಲೇ ನನಗೆ ಕಳಿಸು, ಓದಿ ಹೇಳುತ್ತೇನೆ. ಅಲ್ಲಿಯವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡ, ಮುಂಬೈಯವರಿಗೆ ಮುಂಗಡವೆಂದು ಒಂದು ರೂಪಾಯಿಯನ್ನೂ ಕೊಡಬೇಡ.

ಇಂತಿ ನಿನ್ನ ಮಾವ